ನೋಟ್ ಷೇರಾಗುವಾಗ ನಮ್ಮ ಪಾಲು ಹೊಂದುತ್ತದೆ, ಉಳಿದವರದ್ದು ಹೊಂದುತ್ತಿಲ್ಲ

ಕಾಫಿತೋಟ:
ಎರಡು ದಿನದಿಂದ ಒಂದು ಲೆಕ್ಕ ತಲೆ ತಿನ್ನುತ್ತಿದೆ. ನಾವಿಬ್ಬರು ಸ್ಥಾಪಕರು, ಇಬ್ಬರದೂ ಸೇರಿ 9,000 ಷೇರು. ಈಸಾಪ್‌ಗೆ ಎತ್ತಿಟ್ಟಿದ್ದು 1,000. ಒಂದೂವರೆ ವರ್ಷದ ಹಿಂದೆ ಒಬ್ಬ ಏಂಜೆಲ್ ಕನ್ವರ್ಟಿಬಲ್ ನೋಟ್ ಮೇಲೆ 50 ಲಕ್ಷ ಕೊಟ್ಟಿದ್ದರು. ಶೇ 8 ಸರಳ ಬಡ್ಡಿ ಸೇರಿ ಈಗ 56 ಲಕ್ಷ. ಕ್ಯಾಪ್ 5 ಕೋಟಿ, ಡಿಸ್ಕೌಂಟ್ ಶೇ 20.

ಈಗ 10 ಕೋಟಿ ಪ್ರಿ-ಮನಿ ಮೇಲೆ 2.5 ಕೋಟಿ ಹೂಡಿಕೆ ಬರುತ್ತಿದೆ. ನಾನು ಹಾಕಿದ್ದು ಹೀಗೆ: ಹೊಸಬರಿಗೆ ಷೇರಿಗೆ 10,000 ರೂ., ಅಂದರೆ 2,500 ಷೇರು. ಏಂಜೆಲ್‌ಗೆ ಕ್ಯಾಪ್ ಬೆಲೆ 5,000, ಅದರಲ್ಲಿ ಶೇ 20 ಕಳೆದು 4,000, ಅಂದರೆ 1,400 ಷೇರು. ಒಟ್ಟು 13,900. ನಮ್ಮಿಬ್ಬರಿಗೆ ಶೇ 64.75.

ಹೂಡಿಕೆದಾರರು ಕಳಿಸಿದ ಕ್ಯಾಪ್ ಟೇಬಲ್‌ನಲ್ಲೂ ಒಟ್ಟು 13,900, ನಮಗೆ ಅದೇ 64.75. ಆದರೆ ಅವರಿಗೆ 2,780, ಏಂಜೆಲ್‌ಗೆ 1,120. ನಮ್ಮ ಸಾಲು ಸರಿ ಇದ್ದ ಮೇಲೆ ತಪ್ಪು ಅವರದ್ದೇ ಅಲ್ವಾ?

ಮಲೆನಾಡಿಗ:
ಏಂಜೆಲ್ ಲೆಕ್ಕದಲ್ಲಿ ತಪ್ಪು ನಿಮ್ಮದು. ಸಾಮಾನ್ಯವಾಗಿ ಕ್ಯಾಪ್, ಡಿಸ್ಕೌಂಟ್ ಎರಡನ್ನೂ ಒಂದರ ಮೇಲೊಂದು ಹಾಕುವ ಹಾಗಿಲ್ಲ. ಯಾವುದರಲ್ಲಿ ಬೆಲೆ ಕಡಿಮೆ ಬರುತ್ತದೋ ಅದೊಂದೇ. ಡಿಸ್ಕೌಂಟ್‌ನಲ್ಲಿ 8,000, ಕ್ಯಾಪ್‌ನಲ್ಲಿ 5,000. ಹಾಗಾಗಿ 1,120 ಷೇರೇ ಸರಿ. ಹೊಸಬರ ಬೆಲೆ 10,000 ಹಾಗೇ ಇರಲಿ. ಅವರು ಸುಮ್ನೆ ಜಾಸ್ತಿ ಕೇಳುತ್ತಿದ್ದಾರೆ, ಬಿಟ್ಟುಕೊಡಬೇಡಿ.

ಲೆಕ್ಕದಮನೆ:
ಮಲೆನಾಡಿಗರ ಮೊದಲ ಮಾತು ಸರಿ, ಎರಡನೆಯದನ್ನು ಒಪ್ಪಲಾರೆ. ಹಾಗೆ ಮಾಡಿದರೆ ಒಟ್ಟು 13,620 ಷೇರು ಆಗಿ, ಹೊಸಬರಿಗೆ ಶೇ 18.36 ಸಿಗುತ್ತದೆ. 12.5 ಕೋಟಿಯ ಕಂಪನಿಯಲ್ಲಿ 2.5 ಕೋಟಿ ಹಾಕಿದವರು ಶೇ 20 ನಿರೀಕ್ಷಿಸುತ್ತಾರೆ. ಟರ್ಮ್ ಶೀಟ್ ತೆಗೆದು ನೋಡಿ. ಪ್ರಿ-ಮನಿ ಫುಲ್ಲಿ ಡೈಲ್ಯೂಟೆಡ್, ನೋಟ್‌ಗಳೂ ಸೇರಿ ಎಂದು ಬರೆದಿರಬೇಕು. ಆಗ 10 ಕೋಟಿಯನ್ನು ಭಾಗಿಸಬೇಕಾದ್ದು 10,000ದಿಂದ ಅಲ್ಲ, 11,120ರಿಂದ. ಬೆಲೆ ಸುಮಾರು 8,993 ರೂ.ಗೆ ಇಳಿಯುತ್ತದೆ, ಅವರಿಗೆ 2,780 ಷೇರು ಬರುತ್ತವೆ.

| | ಷೇರು | ಶೇ |
|---|---|---|
| ಸ್ಥಾಪಕರು | 9,000 | 64.75 |
| ಈಸಾಪ್ | 1,000 | 7.19 |
| ಏಂಜೆಲ್ | 1,120 | 8.06 |
| ಹೊಸ ಹೂಡಿಕೆದಾರರು | 2,780 | 20.00 |

ನಿಮ್ಮ ಹಾಳೆಯಲ್ಲಿ ಎರಡು ತಪ್ಪು ಇವೆ. ಏಂಜೆಲ್‌ಗೆ 280 ಜಾಸ್ತಿ ಕೊಟ್ಟಿರಿ, ಹೊಸಬರಿಗೆ ಅಷ್ಟೇ 280 ಕಡಿಮೆ ಕೊಟ್ಟಿರಿ. ಒಂದನ್ನೊಂದು ಹೊಡೆದುಹಾಕಿ ನಿಮ್ಮ ಸಾಲು ಮಾತ್ರ ಸರಿ ಕಂಡಿದೆ. ಸ್ವಂತ ಪಾಲು ಹೊಂದಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಹೊಸಬರ ಸಾಲು ಹಣದ ಲೆಕ್ಕಕ್ಕೆ ಕೂಡುತ್ತದಾ ಅಂತ ಮೊದಲು ನೋಡಿ.

ಕರಾವಳಿ_ಕೋಡ್:
ನಮಗೂ ಇದೇ ಗೋಜಲು. ಇಬ್ಬರು ಗೆಳೆಯರಿಂದ ತಲಾ 10 ಲಕ್ಷ ನೋಟ್ ಮೇಲೆ ತಗೊಂಡಿದ್ದೇವೆ, ಕ್ಯಾಪ್ ಇಲ್ಲ, ಡಿಸ್ಕೌಂಟ್ ಮಾತ್ರ. ನಮಗೂ 11,120 ಹಾಗೆ ಕೂಡಿಸಬೇಕಾ? ಎಕ್ಸೆಲ್ ಸರ್ಕ್ಯುಲರ್ ರೆಫರೆನ್ಸ್ ಅಂತ ಕೂಗುತ್ತಿದೆ.

ಲೆಕ್ಕದಮನೆ:
ಕರಾವಳಿಯವರೇ, ಲೆಕ್ಕಕ್ಕಿಂತ ಮೊದಲು ಇನ್ನೊಂದು ವಿಷಯ. ನಮ್ಮ ದೇಶದ ಡೆಪಾಸಿಟ್ ನಿಯಮದಲ್ಲಿ ಕನ್ವರ್ಟಿಬಲ್ ನೋಟ್ ಎನಿಸಿಕೊಳ್ಳಬೇಕಾದರೆ ಕಂಪನಿಗೆ ಡಿಪಿಐಐಟಿ ಮಾನ್ಯತೆ ಇರಬೇಕು, ಒಬ್ಬೊಬ್ಬರೂ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಕೊಟ್ಟಿರಬೇಕು. ತಲಾ 10 ಲಕ್ಷ ಅಂದರೆ ಇವತ್ತೇ ನಿಮ್ಮ ಕಂಪನಿ ಸೆಕ್ರೆಟರಿ ಹತ್ತಿರ ಕೂತು ಮಾತಾಡಿ.

ಇನ್ನು ಎಕ್ಸೆಲ್ ವಿಷಯ. ಕ್ಯಾಪ್ ಬೆಲೆಗೆ ಈ ಸುತ್ತಿನ ಬೆಲೆ ಬೇಕಿಲ್ಲ, ಹಾಗಾಗಿ ಕಾಫಿತೋಟದವರಿಗೆ ಸುತ್ತು ಬೀಳುವುದಿಲ್ಲ. ಡಿಸ್ಕೌಂಟ್‌ನಲ್ಲಿ ನೋಟ್‌ನ ಷೇರು ಬೆಲೆಯನ್ನು ನೋಡುತ್ತದೆ, ಬೆಲೆ ನೋಟ್‌ನ ಷೇರನ್ನು ನೋಡುತ್ತದೆ. ಬಿಡಿಸುವುದು ಸುಲಭ: ನಿಮ್ಮ ಡಿಸ್ಕೌಂಟ್ ಕೂಡ ಶೇ 20 ಆಗಿದ್ದರೆ, ನೋಟ್ ಮೊತ್ತವನ್ನು 0.8ರಿಂದ ಭಾಗಿಸಿ ಪ್ರಿ-ಮನಿಯಿಂದ ಮೊದಲೇ ಕಳೆಯಿರಿ.

```
P = (PreMoney - Note/0.8) / OldShares
```

ಮಲೆನಾಡಿಗ:
ಆದರೂ ಆ 1,120ರ ಭಾರ ಸ್ಥಾಪಕರೇ ಯಾಕೆ ಹೊರಬೇಕು? 66.08 ಇದ್ದದ್ದು 64.75 ಆಯಿತಲ್ಲ.

ಲೆಕ್ಕದಮನೆ:
ಸ್ಥಾಪಕರೊಬ್ಬರೇ ಅಲ್ಲ, ಈಸಾಪ್ ಮತ್ತು ಏಂಜೆಲ್ ಕೂಡ ಸ್ವಲ್ಪ ಸ್ವಲ್ಪ ಕರಗುತ್ತಾರೆ. ಟರ್ಮ್ ಶೀಟ್‌ನಲ್ಲಿ ನೋಟ್ ಸೇರಿ ಎಂಬ ಮಾತು ಇಲ್ಲದಿದ್ದರೆ ಅದು ಚೌಕಾಸಿಯ ವಿಷಯ, ಖಂಡಿತ ಕೇಳಿ. ಸಹಿ ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಕಾಫಿತೋಟ:
ಟರ್ಮ್ ಶೀಟ್ ತೆಗೆದೆ. ನೋಟ್ ಸೇರಿ ಅಂತಲೇ ಇದೆ. ತುಂಬಾ ಥ್ಯಾಂಕ್ಸ್ ಸರ್, 280ರ ಗುಟ್ಟು ಈಗ ತಿಳಿಯಿತು. ಆದರೆ ನೋಟ್ ಒಪ್ಪಂದ ಓದುವಾಗ ಹೊಸದೊಂದು ಕಣ್ಣಿಗೆ ಬಿತ್ತು. ಕ್ಯಾಪ್ ಬೆಲೆಗೆ "ವಿತರಿಸಿರುವ ಷೇರುಗಳಿಂದ" ಭಾಗಿಸಬೇಕು ಅಂತ ಇದೆ. ಈಸಾಪ್‌ನ 1,000 ಇನ್ನೂ ಯಾರಿಗೂ ಕೊಟ್ಟಿಲ್ಲ. ಹಾಗಾದರೆ 9,000ದಿಂದ ಭಾಗಿಸಬೇಕಾ?

ಲೆಕ್ಕದಮನೆ:
ಆ ಪದವನ್ನು ಹಾಗೇ ಹಿಡಿದರೆ ಕ್ಯಾಪ್ ಬೆಲೆ 5,556ಕ್ಕೆ ಏರಿ ಏಂಜೆಲ್‌ಗೆ 1,008 ಷೇರು ಮಾತ್ರ. ನಿಮ್ಮ ಪಾಲು 65.41 ಆಗುತ್ತದೆ. ಹೂಡಿಕೆದಾರರ ಟೇಬಲ್ 10,000 ಹಿಡಿದಿದೆ. ಹಣ ಕೊಡುವಾಗ ನೀವು ಮತ್ತು ಏಂಜೆಲ್ ಏನಂದುಕೊಂಡಿದ್ದಿರಿ? ಆಗಿನ ಇಮೇಲ್‌ನಲ್ಲಿ ಲೆಕ್ಕದ ಹಾಳೆ ಏನಾದರೂ ಇದೆಯಾ ನೋಡಿ.

ಕಾಫಿತೋಟ:
ಹಾಳೆ ಸಿಗಲಿಲ್ಲ. ಅವರಿಗೇ ಫೋನ್ ಮಾಡಿದೆ. ಅವರ ನೆನಪಲ್ಲಿ ಈಸಾಪ್ ಸೇರಿದೆ, ನಮ್ಮ ವಕೀಲರು ಸೇರಿಲ್ಲ ಅನ್ನುತ್ತಾರೆ. ಸೋಮವಾರ ಮೂವರೂ ಕೂರುತ್ತೇವೆ.