ಪದಚರ್ಚೆ: ವೈರ್‌ಫ್ರೇಮಿನ ಬಾಣದ ಮೇಲೆ ‘ಹಿಂದೆ’ ಎಂದರೆ ಎಲ್ಲಿಗೆ?

ಮಂಡ್ಯದಿಂದ ಪ್ರಶ್ನೆ

ಹಾಲಿನ ಡೈರಿ ಸದಸ್ಯರ ಆ್ಯಪ್‌ಗೆ ಪೆನ್ಸಿಲಿನಲ್ಲಿ ವೈರ್‌ಫ್ರೇಮ್, ಅಂದರೆ ತೆರೆಗಳ ಮೊದಲ ನಕ್ಷೆ, ಬರೆದಾಗಿದೆ. ಐದು ತೆರೆ: 1 ಮುಖಪುಟ, 2 ಬಟವಾಡೆ ಪಟ್ಟಿ, 3 ಒಂದು ಬಟವಾಡೆಯ ವಿವರ, 4 ದೂರು ಬರೆಯುವುದು, 5 ‘ದೂರು ಸೇರಿದೆ’. ಮರಳುವ ಬಾಣಗಳಿಗೆಲ್ಲ ‘ಹಿಂದೆ’ ಎಂದು ಬರೆದಿದೆ. ಕೋಡ್ ಬರೆಯುವವರು ಒಂದೊಂದು ಬಾಣವನ್ನು ಒಂದೊಂದು ಥರ ಓದುತ್ತಿದ್ದಾರೆ. ಸರಿಯಾದ ಪದ ಯಾವುದು? ವೈರ್‌ಫ್ರೇಮಿಗೂ ಕನ್ನಡ ಪದ ಬೇಕು.

ಶ್ರೀರಂಗಪಟ್ಟಣದಿಂದ

‘ಹಿಂದೆ’ ಜಾಗವನ್ನೂ ಹೇಳುತ್ತದೆ, ಕಳೆದ ಕಾಲವನ್ನೂ ಹೇಳುತ್ತದೆ. ‘ಹಿಂದಕ್ಕೆ’ ಎಂದರೆ ದಿಕ್ಕು ಬರುತ್ತದೆ, ಗೊಂದಲ ಮುಗಿಯಿತು. ವೈರ್‌ಫ್ರೇಮಿಗೆ ‘ನೀಲನಕ್ಷೆ’ ಇದ್ದೇ ಇದೆ.

ಮೈಸೂರು, ಸರಸ್ವತಿಪುರಂನಿಂದ

ದಿಕ್ಕಿನ ಮಾತು ಸರಿ, ಆದರೆ ಗೊಂದಲ ವಿಭಕ್ತಿಯದಲ್ಲ. ‘ಬಟವಾಡೆ ಜಮಾ ಆಗಿದೆ’ ಎಂಬ ನೋಟಿಫಿಕೇಶನ್ ಒತ್ತಿದವರು ನೇರ 3ಕ್ಕೆ ಬರುತ್ತಾರೆ. ಅಲ್ಲಿ ಮೇಲಿನ ಎಡಮೂಲೆಯ ಬಾಣ 2ಕ್ಕೆ ಹೋಗಬೇಕು, ಯಾಕೆಂದರೆ 3 ಇರುವುದೇ 2ರ ಕೆಳಗೆ. ಆಂಡ್ರಾಯ್ಡ್ ಫೋನಿನ ಸ್ವಂತ ಬ್ಯಾಕ್ ಮಾತ್ರ ತೆರೆದುಕೊಂಡು ಬಂದ ಕ್ರಮವನ್ನು ಹಿಡಿಯುತ್ತದೆ. ಆ ಕ್ರಮದಲ್ಲಿ 3ಕ್ಕೆ ಮೊದಲು 1, 2ನ್ನು ಜೋಡಿಸಿಡದಿದ್ದರೆ ಬ್ಯಾಕ್ ಒತ್ತಿದವರು ಆ್ಯಪ್‌ನಿಂದಲೇ ಹೊರಗೆ ಬೀಳುತ್ತಾರೆ.

ಇನ್ನೂ ಕೆಟ್ಟದ್ದು 5ರಲ್ಲಿ. ಅಲ್ಲಿ ಬ್ಯಾಕ್ ಒತ್ತಿದರೆ ತುಂಬಿದ 4 ಹಾಗೇ ಎದುರಾಗುತ್ತದೆ. ದೂರು ಹೋಗಿಲ್ಲ ಅಂದುಕೊಂಡು ಮತ್ತೆ ‘ಸಲ್ಲಿಸಿ’ ಒತ್ತುತ್ತಾರೆ, ಒಂದೇ ದೂರು ಎರಡು ಸಲ ದಾಖಲಾಗುತ್ತದೆ. ಬಾಣದ ಪಕ್ಕ ಹೀಗೆ ಬರೆಯಿರಿ: ‘5ರಿಂದ 3ಕ್ಕೆ. 4ನ್ನು ದಾರಿಯಿಂದ ತೆಗೆಯಿರಿ.’ ಯಾವ ಪದ ಇಟ್ಟರೂ ಮುಟ್ಟುವ ತೆರೆಯ ಅಂಕಿ ಇರಲೇಬೇಕು. ಪದ ಬೇಕೆಂದರೆ ಮೂಲೆಯ ಬಾಣಕ್ಕೆ ‘ಮೇಲಿನ ತೆರೆ’, ಫೋನಿನದಕ್ಕೆ ‘ಬಂದ ದಾರಿ’.

‘ನೀಲನಕ್ಷೆ’ ಒಪ್ಪುವುದಿಲ್ಲ. ಅದು ಅಳತೆ ಹಾಕಿ ಮುಗಿಸಿದ್ದು, ಗಾರೆಯವರು ಅದರಂತೆಯೇ ಕಟ್ಟುತ್ತಾರೆ. ಇದು ಅಳಿಸಿ ತಿದ್ದಲೆಂದೇ ಬರೆದದ್ದು. ‘ಕಚ್ಚಾ ನಕ್ಷೆ’ ಆಗಬಹುದು.

ಮದ್ದೂರಿನಿಂದ

ನಮ್ಮ ಸಂಘದ ಹಿರಿಯರಿಗೆ ಇವೆಲ್ಲ ತಿಳಿಯಲ್ಲ. ಗುಂಡಿಯ ಮೇಲೆ ‘ವಾಪಸ್’ ಅಂತ ದಪ್ಪಕ್ಕೆ ಹಾಕಿ, ಸಾಕು.

ಮಂಡ್ಯದಿಂದ

ಅಣ್ಣಾ, ಕೇಳಿದ್ದು ಗುಂಡಿಯ ಮೇಲಿನ ಬರಹವಲ್ಲ, ನಕ್ಷೆಯ ಟಿಪ್ಪಣಿ. ಆದರೂ ಬಟವಾಡೆಯ ಮೊತ್ತದ ಪಕ್ಕ ‘ವಾಪಸ್’ ಕಂಡರೆ ದುಡ್ಡೇ ವಾಪಸ್ ಹೋಯಿತು ಅಂತ ಓದಿಕೊಳ್ಳುವವರಿದ್ದಾರೆ.

ಮೈಸೂರು, ಕುವೆಂಪುನಗರದಿಂದ

‘ಬಂದ ದಾರಿಗೆ ಸುಂಕವಿಲ್ಲ’ ಎಂಬ ಮಾತಿನಿಂದಾಗಿ ‘ಬಂದ ದಾರಿ’ಗೆ ಕೆಲಸ ಕೆಟ್ಟು ಮರಳಿದ ಛಾಯೆ ಇದೆ. ‘ಹಿಂದಿನ ತೆರೆ’ ಎನ್ನಬಾರದೇ? ಇನ್ನೊಂದು, ಐಫೋನಿನಲ್ಲಿ ಫೋನಿನದೇ ಬ್ಯಾಕ್ ಗುಂಡಿ ಇಲ್ಲ. ಎಡ ಅಂಚಿನಿಂದ ಬೆರಳು ಎಳೆಯುವುದನ್ನು ಟಿಪ್ಪಣಿಯಲ್ಲಿ ಬೇರೆಯೇ ತೋರಿಸಿ.

ಸರಸ್ವತಿಪುರಂನಿಂದ

ಟಿಪ್ಪಣಿ ಓದುವವರು ಕೋಡ್ ಬರೆಯುವವರು, ಅವರಿಗೆ ಆ ಛಾಯೆ ತಟ್ಟದು. ‘ಹಿಂದಿನ ತೆರೆ’ ಎಂದರೆ 3ಕ್ಕೆ ಹಿಂದಿನದು 2 ಎಂದು ಅಂಕಿಯ ಲೆಕ್ಕದಲ್ಲಿ ಓದುತ್ತಾರೆ, ಮತ್ತೆ ಅದೇ ತೊಡಕು.

ಮಂಡ್ಯದಿಂದ

ಅಂಕಿ ಹಾಕಿ ಬಾಣಗಳನ್ನು ತಿದ್ದುತ್ತಿದ್ದೇವೆ. ಮೂಲೆಯದಕ್ಕೆ ‘ಮೇಲಿನ ತೆರೆ’ ಇರಲಿ. ಫೋನಿನದಕ್ಕೆ ಇನ್ನೊಂದು ಪದ ಹೊಳೆದವರು ಬರೆಯಿರಿ.