ಫೋನಿನಲ್ಲಿ ಜಾಲತಾಣದ ವಿಳಾಸ ಹೇಳುವುದು ಹೇಗೆ?

ಬದಿಯಡ್ಕದಿಂದ ಪ್ರಶ್ನೆ: ನಮ್ಮ ಅಡಿಕೆ ಕೃಷಿಕರ ಕೂಟದ ಅರ್ಜಿ ನಮೂನೆ ಇರುವ ವಿಳಾಸ ಇದು (ಚುಕ್ಕಿಯ ನಂತರದ ಪದವನ್ನು ಇಲ್ಲಿಗಾಗಿ ಬದಲಿಸಿದ್ದೇನೆ):

```
badiadka-krishi.example/Arji_2
```

ಫೋನಿನಲ್ಲಿ ಹೇಳಿದರೆ ಹೆಚ್ಚಿನವರಿಗೆ ತೆರೆಯುವುದಿಲ್ಲ. ಮುಂದಿನ ಸಭೆಯಲ್ಲಿಯೂ ಹೇಳಬೇಕಾಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕುಂಬಳೆಯಿಂದ: ವಾಟ್ಸಾಪ್‌ನಲ್ಲಿ ಕಳುಹಿಸಿಬಿಡಿ, ಒತ್ತಿದರೆ ತೆರೆಯುತ್ತದೆ. ನಮ್ಮ ಯಕ್ಷಗಾನ ಸಂಘದಲ್ಲಿ ಹಾಗೆಯೇ ಮಾಡುತ್ತೇವೆ.

ಪ್ರಶ್ನೆ ಕೇಳಿದವರು: ವಾಟ್ಸಾಪ್ ಇರುವವರಿಗೆ ಕಳುಹಿಸುತ್ತೇವೆ ಅಣ್ಣಾ. ಸ್ಥಿರ ದೂರವಾಣಿಯಿಂದ ಕರೆದು, ಮನೆಯ ಕಂಪ್ಯೂಟರಿನಲ್ಲಿ ಮಗನ ಕೈಯಲ್ಲಿ ಟೈಪ್ ಮಾಡಿಸುವವರ ಕಷ್ಟ ಇದು.

ಮಂಜೇಶ್ವರದಿಂದ: ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಸಣ್ಣ ಅಕ್ಷರ ಎಂದು ಖಡಾಖಂಡಿತವಾಗಿ ಹೇಳಿ. ದೊಡ್ಡ ಅಕ್ಷರ ಬಂದರೆ ಯಾವ ತಾಣವೂ ತೆರೆಯುವುದಿಲ್ಲ. ಆರಂಭದಲ್ಲಿ `https://www` ಹೇಳುವುದನ್ನೂ ಬಿಡಬಾರದು.

ಪೆರ್ಲದಿಂದ, ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವರು: ಮಂಜೇಶ್ವರದವರ ಮಾತು ಅರ್ಧ ಸರಿ. ಓರೆಗೆರೆಗಿಂತ ಮುಂಚಿನ ಹೆಸರಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಒಂದೇ. ಓರೆಗೆರೆಯ ನಂತರ ಮಾತ್ರ ಹಲವು ತಾಣಗಳಲ್ಲಿ ಅವು ಬೇರೆ ಬೇರೆ. ನಿಮ್ಮ ವಿಳಾಸದಲ್ಲಿ `Arji` ಎಂಬಲ್ಲಿ ದೊಡ್ಡ ಎ ಇದೆ, ಅಲ್ಲಿ ಎಲ್ಲವೂ ಸಣ್ಣ ಅಕ್ಷರ ಎಂದರೆ ಪುಟ ಸಿಗದಿರಬಹುದು. `https` ಹೇಳುವ ಅಗತ್ಯವಿಲ್ಲ, ಬ್ರೌಸರ್ ತಾನೇ ಸೇರಿಸಿಕೊಳ್ಳುತ್ತದೆ. `www` ಹೇಳುವ ಮೊದಲು ಅದನ್ನು ಸೇರಿಸಿಯೂ ಬಿಟ್ಟೂ ತೆರೆದು ನೋಡಿ. ಕೆಲವು ತಾಣಗಳು ಒಂದು ರೀತಿಯಲ್ಲಿ ಮಾತ್ರ ತೆರೆಯುತ್ತವೆ.

ನಿಮ್ಮ ನಿಜವಾದ ತೊಡಕು ಊರಿನ ಹೆಸರಿನಲ್ಲಿದೆ. ಬದಿಯಡ್ಕ ಎಂದು ಬಾಯಲ್ಲಿ ಹೇಳಿದರೆ ಒಬ್ಬರು `badiyadka` ಎಂದೂ ಮಲಯಾಳಂ ಬೋರ್ಡು ನೋಡಿ ರೂಢಿಯಾದವರು `badiadukka` ಎಂದೂ ಬರೆಯುತ್ತಾರೆ. ಅವರವರ ಮಟ್ಟಿಗೆ ಎರಡೂ ಸರಿ. ಆದ್ದರಿಂದ ಊರಿನ ಹೆಸರನ್ನು ಒಮ್ಮೆ ಹೇಳಿ, ಕೂಡಲೇ ಅಕ್ಷರಕ್ಕೆ ಇಳಿಯಬೇಕು. ನಾನು ಹೇಳುವುದು ಹೀಗೆ:

"ಕೀಬೋರ್ಡ್ ಇಂಗ್ಲಿಷಿನಲ್ಲಿದೆಯೇ? ಒಟ್ಟು ಎಂಟು ಅಕ್ಷರ. ಬೇಕಲದ ಬಿ, ಎ, ಧರ್ಮಸ್ಥಳದ ಡಿ. ಬರೆದಿರಾ? ಐ, ಎ. ನಡುವೆ ವೈ ಇಲ್ಲ. ಮತ್ತೆ ಧರ್ಮಸ್ಥಳದ ಡಿ, ಕುಂಬಳೆಯ ಕೆ, ಎ. ಈಗ ನೀವು ಓದಿ ಹೇಳಿ."

ಅವರು ಓದಿ ಹೇಳುವ ತನಕ ಮುಂದಕ್ಕೆ ಹೋಗುವುದಿಲ್ಲ. ಬಿ, ಡಿ, ಪಿ, ಟಿ ಬರಿದೇ ಹೇಳಿದರೆ ಫೋನಿನಲ್ಲಿ ಒಂದೇ ರೀತಿ ಕೇಳಿಸುತ್ತವೆ. ಎಸ್ ಮತ್ತು ಎಫ್ ಇನ್ನೂ ಕಷ್ಟ. ಸ್ಥಿರ ದೂರವಾಣಿಯಲ್ಲಿ ಸುಮಾರು 3400 ಹರ್ಟ್ಸ್‌ಗಿಂತ ಮೇಲಿನ ಸದ್ದು ದಾಟುವುದಿಲ್ಲ, ಅವೆರಡರ ವ್ಯತ್ಯಾಸ ಹೆಚ್ಚಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ. `krishi` ಹೇಳುವಾಗ "ಸುಳ್ಯದ ಎಸ್, ಹೊಸದುರ್ಗದ ಎಚ್" ಎನ್ನಿ. ನಮ್ಮವರಿಗೆ ಈ ಊರುಗಳ ಹೆಸರು ತಟ್ಟನೆ ತಿಳಿಯುತ್ತದೆ.

ನೀರ್ಚಾಲಿನ ಶಿಕ್ಷಕಿ: ಡ್ಯಾಶ್ ಎಂದರೆ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಕೆಳಗೆರೆ ಹಾಕುತ್ತಾರೆ. "ಅಕ್ಷರಗಳ ನಡುಮಟ್ಟದಲ್ಲಿ ಬರುವ ಸಣ್ಣ ಅಡ್ಡಗೆರೆ, ಸೊನ್ನೆಯ ಪಕ್ಕದ ಕೀಲಿ, ಶಿಫ್ಟ್ ಒತ್ತಬೇಡಿ" ಎಂದ ಮೇಲೆ ಸರಿಯಾಯಿತು. ಆದರೆ ಇವರ ವಿಳಾಸದಲ್ಲಿ ಅಡ್ಡಗೆರೆಯೂ ಇದೆ, ಕೆಳಗೆರೆಯೂ ಇದೆ!

ಪೆರ್ಲದಿಂದ: ಹೌದು ಟೀಚರ್, ಅದನ್ನು ತೆಗೆಯಲೇಬೇಕು. ತಾಣವನ್ನು ನೋಡಿಕೊಳ್ಳುವವರಿಗೆ ಹೇಳಿ `/arji` ಎಂಬ ಹೊಸ ಹಾದಿ ಮಾಡಿಸಿ, ಅದು ಹಳೆಯ ಪುಟಕ್ಕೇ ಹೋಗುವಂತೆ ಇಡಿಸಿ. ಆಗ ದೊಡ್ಡ ಅಕ್ಷರ, ಕೆಳಗೆರೆ, ಅಂಕಿ ಮೂರೂ ಬಾಯಿಂದ ಹೇಳುವ ವಿಳಾಸದಲ್ಲಿ ಇರುವುದಿಲ್ಲ.

ತೆರೆಯಲಿಲ್ಲ ಎಂದು ಕರೆದರೆ, ಪರದೆಯಲ್ಲಿ ಏನು ಕಾಣುತ್ತದೆ ಎಂದು ಮೊದಲು ಕೇಳಿ. 404 ಎಂಬ ಅಂಕಿ ಇದ್ದರೆ ಹೆಸರು ಸಾಮಾನ್ಯವಾಗಿ ಸರಿಯಿದೆ, ತಪ್ಪು ಓರೆಗೆರೆಯ ನಂತರದ್ದು. ತಾಣವೇ ಸಿಗುತ್ತಿಲ್ಲ ಎಂದರೆ ಮುಂಚಿನ ಹೆಸರಿನ ಅಕ್ಷರಗಳನ್ನು ಓದಿಸಿ, ಇಂಟರ್‌ನೆಟ್ ಸಂಪರ್ಕವನ್ನೂ ವಿಚಾರಿಸಿ. ಹುಡುಕಾಟದ ಪಟ್ಟಿ ಬಂದಿದ್ದರೆ ಎಲ್ಲಿಯೋ ಜಾಗ ಬಿಟ್ಟಿದ್ದಾರೆ, ಚುಕ್ಕಿ ತಪ್ಪಿದೆ ಅಥವಾ ಹುಡುಕುವ ಪೆಟ್ಟಿಗೆಯಲ್ಲಿ ಬರೆದಿದ್ದಾರೆ. ಬೇರೆಯೇ ತಾಣ ತೆರೆದಿದ್ದರೆ ಅಲ್ಲಿ ಆಧಾರ್ ಸಂಖ್ಯೆಯನ್ನಾಗಲಿ ಬ್ಯಾಂಕ್ ವಿವರವನ್ನಾಗಲಿ ತುಂಬಬೇಡಿ ಎಂದು ಹೇಳಲೇಬೇಕು.

ನೀರ್ಚಾಲಿನ ಶಿಕ್ಷಕಿ: ಸಭೆಯಲ್ಲಿ ಒಬ್ಬೊಬ್ಬರಿಂದ ಓದಿಸಲು ಆಗುವುದಿಲ್ಲ. ವಿಳಾಸವನ್ನು ಹಲಗೆಯಲ್ಲಿ ದೊಡ್ಡದಾಗಿ ಬರೆದು, ಭಾಷಣ ಮುಗಿಯುವವರೆಗೂ ಅಳಿಸದೆ ಬಿಡಿ. ಬರೆದದ್ದನ್ನೇ ತೋರಿಸುತ್ತ ನಿಧಾನವಾಗಿ ಎರಡು ಸಲ ಓದಿ.

ಮಂಜೇಶ್ವರದಿಂದ: ದೊಡ್ಡ ಅಕ್ಷರದ ವಿಷಯ ಒಪ್ಪಿದೆ. ನಡುವಿನ ಅಡ್ಡಗೆರೆಯನ್ನೇ ತೆಗೆದು `badiadkakrishi` ಎಂದರೆ ಇನ್ನೂ ಸುಲಭವಲ್ಲವೇ?

ಪೆರ್ಲದಿಂದ: ಹೇಳಲು ಸುಲಭ, ಆದರೆ ಹಲಗೆಯಲ್ಲಿ ಓದುವಾಗ `kakri` ಎಂಬಲ್ಲಿ ಕಣ್ಣು ತಡವರಿಸುತ್ತದೆ. ನಾನಾದರೆ ಅಡ್ಡಗೆರೆ ಇಡುತ್ತೇನೆ.

ಮಂಜೇಶ್ವರದಿಂದ: ನಾನು ತೆಗೆಯುತ್ತೇನೆ. ಫೋನಿನಲ್ಲಿ ಕಣ್ಣಿಗೆ ಕೆಲಸವಿಲ್ಲ.

ಪ್ರಶ್ನೆ ಕೇಳಿದವರು: `/arji` ಮಾಡಲು ಹೇಳಿಬಿಟ್ಟೆ. ಅಡ್ಡಗೆರೆ ಇಲ್ಲದ ಹೆಸರನ್ನೂ, `badiyadka` ಎಂಬುದನ್ನೂ ಕೊಂಡುಕೊಂಡು ಇದೇ ತಾಣಕ್ಕೆ ತಿರುಗಿಸಲು ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಕೂಟದಲ್ಲಿ ಕೇಳಬೇಕು.