ಎಣಿಕೆ ಹಾಡಿನಲ್ಲಿ ‘ನಾಕು’ ಬರೆಯಬಹುದಾ? ‘ಹೀರೆಕಾಯಿಗಳು ಮೂರು’ ಆಗಬೇಕಾ?

ಕೇಳಿದವರು (ಶಿಶುವಿಹಾರದ ಶಿಕ್ಷಕಿ):

ಎಲ್ಲರಿಗೂ ನಮಸ್ಕಾರ. ಎರಡರಿಂದ ಮೂರು ವರ್ಷದ ಮಕ್ಕಳಿಗಾಗಿ ಸಂತೆಯ ತರಕಾರಿ ಹಾಡು ಬರೆದಿದ್ದೇನೆ. ಕೈ ಅಭಿನಯ ಮಾಡುತ್ತಾ ಹಾಡುವುದು.

ಬದನೆಕಾಯಿ ಒಂದು,
ಕೈಗೆ ಕೊಡುವೆ ತಂದು.
ಬೆಂಡೆಕಾಯಿ ಎರಡು,
ಮುಂದೆ ಮುಂದೆ ಹೊರಡು.
ಹೀರೆಕಾಯಿ ಮೂರು,
ಬೆರಳು ಎತ್ತಿ ತೋರು.
ತೊಂಡೆಕಾಯಿ ನಾಕು,
ಬುಟ್ಟಿ ಒಳಗೆ ಹಾಕು.
ಸೌತೆಕಾಯಿ ಐದು,
ಬಳ್ಳಿಯಿಂದ ಕೊಯ್ದು.

ಅಚ್ಚಿಗೆ ಕೊಡುವ ಮೊದಲು ಒಬ್ಬರಿಗೆ ತೋರಿಸಿದೆ. ಅವರು ‘ನಾಕು’ ತಪ್ಪು, ‘ನಾಲ್ಕು’ ಎಂದೇ ಬರೆಯಬೇಕು ಎಂದು ತಿದ್ದಿದರು. ಎರಡರಿಂದ ಮುಂದೆ ಎಲ್ಲ ಕಡೆ ‘ಗಳು’ ಕೂಡ ಸೇರಿಸಿದರು. ಹಾಗೆ ಹಾಡಿದರೆ ಮಕ್ಕಳ ಚಪ್ಪಾಳೆ ತಪ್ಪುತ್ತದೆ. ಯಾಕೆ ತಪ್ಪುತ್ತದೆ ಎಂದು ವಿವರಿಸಲು ನನಗೆ ಬರುತ್ತಿಲ್ಲ. ಹಾಡನ್ನು ಹತ್ತರವರೆಗೆ ಬೆಳೆಸುವ ಆಸೆಯೂ ಇದೆ.

ಮೊದಲ ಉತ್ತರ:

ಮೇಡಂ, ತಿದ್ದಿದವರು ಹೇಳಿದ್ದೇ ಸರಿ. ಒಂದಕ್ಕಿಂತ ಜಾಸ್ತಿ ಇದ್ದರೆ ಬಹುವಚನ ಬೇಕಲ್ವಾ? ಮಕ್ಕಳು ಮೊದಲೇ ತಪ್ಪು ಕಲಿಯಬಾರದು. ಇನ್ನೊಂದು ಮಾತು. ಕನ್ನಡದ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಬರಬೇಕು, ಕೊನೆಯಲ್ಲಿ ಅಲ್ಲ. ಹಳೆಯ ಕಾವ್ಯಗಳಲ್ಲಿ ಹಾಗೇ ಇದೆ. ನಿಮ್ಮದರಲ್ಲಿ ‘ಬದನೆ’, ‘ಕೈಗೆ’ ಎಂದು ಶುರುವಾಗುತ್ತದೆ. ಅದು ಪ್ರಾಸವೇ ಅಲ್ಲ.

ಒಬ್ಬ ಅಜ್ಜಿ:

ನಮ್ಮ ಮನೆಯಲ್ಲಿ ಈರುಳ್ಳಿಗೆ ಉಳ್ಳಾಗಡ್ಡಿ ಅಂತೀವಿ. ಮೊಮ್ಮಗ ಶಾಲೆಯಿಂದ ಬಂದು ‘ಅಜ್ಜಿ, ಅದು ಈರುಳ್ಳಿ’ ಎಂದು ನನ್ನನ್ನೇ ತಿದ್ದುತ್ತಾನೆ. ನಿಮ್ಮ ಹಾಡಿನಲ್ಲಿ ಯಾವುದನ್ನು ಇಡುತ್ತೀರಿ? ಮನೆಯ ಮಾತು ಬಿಟ್ಟು ಹೋಗದಿದ್ದರೆ ಸಾಕು.

ನಿವೃತ್ತ ಕನ್ನಡ ಮೇಷ್ಟ್ರು:

ಅಜ್ಜಿ, ಹಾಡಿನಲ್ಲಿ ಈರುಳ್ಳಿಯೇ ಇಲ್ಲ. ಆದರೆ ನಿಮ್ಮ ಮಾತಿಗೆ ಆಮೇಲೆ ಬರುತ್ತೇನೆ, ಅದರಲ್ಲಿ ಕೆಲಸಕ್ಕೆ ಬರುವ ವಿಷಯ ಇದೆ.

ಮೊದಲು ‘ಗಳು’. ಕನ್ನಡದಲ್ಲಿ ಮನುಷ್ಯರನ್ನು ಎಣಿಸುವಾಗ ಬಹುವಚನ ಬೇಕು: ಇಬ್ಬರು ಹುಡುಗರು, ಮೂವರು ಹೆಂಗಸರು. ವಸ್ತುಗಳಿಗೆ ಸಂಖ್ಯೆಯೇ ಸಾಕು. ‘ಎರಡು ಬೆಂಡೆಕಾಯಿ ಕೊಡಿ’ ಎನ್ನುತ್ತೇವೆ. ‘ಎರಡು ಬೆಂಡೆಕಾಯಿಗಳು’ ಎಂದು ಬರೆದರೆ ತಪ್ಪಲ್ಲ, ಆದರೆ ‘ಗಳು’ ಬರಲೇಬೇಕು ಎನ್ನುವುದು ಸರಿಯಲ್ಲ. ನಿಮ್ಮ ಸಾಲಿನಲ್ಲಿ ಹೆಸರು ಮೊದಲು, ಸಂಖ್ಯೆ ಆಮೇಲೆ. ಸಾಮಾನಿನ ಚೀಟಿ ಬರೆಯುವ ಕ್ರಮವೂ ಅದೇ: ತೆಂಗಿನಕಾಯಿ ಎರಡು, ನಿಂಬೆಹಣ್ಣು ಆರು. ಚೀಟಿಯಲ್ಲಿ ಯಾರೂ ‘ಗಳು’ ಬರೆಯುವುದಿಲ್ಲ.

ಚಪ್ಪಾಳೆ ತಪ್ಪುವುದು ಮಾತ್ರೆಯಿಂದ. ಸಣ್ಣ ಅಕ್ಷರಕ್ಕೆ ಒಂದು, ಎಳೆಯುವ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಎಂದು ಎಣಿಸಿ ನೋಡಿ. ಬದನೆ ಮೂರು, ಕಾಯಿ ಮೂರು, ಒಂದು ಮೂರು. ಕೈಗೆ, ಕೊಡುವೆ, ತಂದು: ಮೂರು, ಮೂರು, ಮೂರು. ನಿಮಗೆ ಗೊತ್ತಿಲ್ಲದೆಯೇ ಇಡೀ ಹಾಡು ಮೂರರ ಹೆಜ್ಜೆಯಲ್ಲಿ ಬಂದಿದೆ. ‘ಕಾಯಿ’ ಪಕ್ಕ ‘ಗಳು’ ಇಟ್ಟರೆ ಎರಡು ಮಾತ್ರೆ ಹೆಚ್ಚಾಗುತ್ತದೆ, ಕೈ ಬೀಳುವ ಜಾಗಕ್ಕೆ ‘ಮೂರು’ ಬರುವುದೇ ಇಲ್ಲ.

ಈಗ ‘ನಾಕು’. ನಾಲ್ಕು, ನಾಕು ಎರಡೂ ಮೂರು ಮಾತ್ರೆಯೇ. ಹಾಗಾಗಿ ತಾಳಕ್ಕೆ ತೊಂದರೆಯಿಲ್ಲ, ತೊಂದರೆ ಪ್ರಾಸಕ್ಕೆ ಮಾತ್ರ. ‘ಹಾಕು’ ಜತೆ ‘ನಾಲ್ಕು’ ಅರ್ಧ ಮಾತ್ರ ಹೊಂದುತ್ತದೆ. ಬರವಣಿಗೆಯಲ್ಲೇ ನಾವು ನಾನೂರು ಎನ್ನುತ್ತೇವೆ, ಅಲ್ಲಿ ‘ಲ’ ಉಳಿದಿಲ್ಲ. ನಾಲ್ವರು, ನಲವತ್ತು ಎನ್ನುವಾಗ ಉಳಿದಿದೆ. ಅಂದರೆ ‘ಲ’ ಬಿಡುವುದು ಬಾಯಿಯ ಸೋಮಾರಿತನ ಅಲ್ಲ, ಭಾಷೆಯೇ ಒಂದು ಕಡೆ ಬಿಟ್ಟು ಒಂದು ಕಡೆ ಇಟ್ಟುಕೊಂಡಿದೆ. ಹಾಡಿನಲ್ಲಿ ‘ನಾಕು’ ಇರಲಿ. ಪಾಠದ ಪುಟದಲ್ಲಿ ‘ನಾಲ್ಕು’ ಬರೆಯಿರಿ.

ಎರಡನೇ ಅಕ್ಷರದ ಪ್ರಾಸ ಹಳೆಯ ಕಾವ್ಯಕ್ಕೆ ನಿಜ. ಅದು ಸಾಲಿನ ತಲೆಯಲ್ಲಿ ಇರುತ್ತದೆ. ಎರಡು ವರ್ಷದ ಮಗು ಹಿಡಿಯುವುದು ಸಾಲಿನ ಬಾಲವನ್ನು. ನೀವು ‘ಬುಟ್ಟಿ ಒಳಗೆ...’ ಎಂದು ನಿಲ್ಲಿಸಿ ನೋಡಿ, ಮಗು ‘ಹಾಕು’ ಎಂದು ಮುಗಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪ್ರಾಸ ಮತ್ತು ಕೈಯ ಕೆಲಸ ಒಂದೇ ಜಾಗದಲ್ಲಿ ಕೂಡುತ್ತವೆ. ಹೊರಡು, ತೋರು, ಹಾಕು ಮೂರೂ ಹಾಗೇ ಇವೆ. ‘ತಂದು’ ಹಾಗಿಲ್ಲದಿದ್ದರೂ ಅಲ್ಲಿ ‘ಕೊಡುವೆ’ ವಾಕ್ಯವನ್ನು ಮುಗಿಸುತ್ತದೆ. ‘ಕೊಯ್ದು’ ಹಾಗಲ್ಲ. ಕೊಯ್ದು ಏನಾಯಿತು? ವಾಕ್ಯ ಮುಗಿಯಲಿಲ್ಲ. ಸಂತೆಯಲ್ಲಿ ಬಳ್ಳಿಯೂ ಇರುವುದಿಲ್ಲ.

ಅಜ್ಜಿಯ ಮಾತು: ಈರುಳ್ಳಿ ಐದು ಮಾತ್ರೆ, ಕೊನೆಯನ್ನು ಎಳೆದು ‘ಈರುಳ್ಳೀ’ ಎಂದರೆ ಆರಾಗುತ್ತದೆ, ಆದರೆ ತಟ್ಟು ‘ರುಳ್’ ನಡುವೆ ಬೀಳುತ್ತದೆ. ಉಳ್ಳಾಗಡ್ಡಿ ಏಳು, ಅದನ್ನು ಮೊಟಕು ಮಾಡಲು ಆಗುವುದಿಲ್ಲ. ಈ ತಾಳದಲ್ಲಿ ಅದಕ್ಕೆ ಜಾಗ ಸಿಗದು. ಬೇರೆ ತಾಳದ ಹಾಡು ಬೇಕು.

ಕೇಳಿದವರು:

ತುಂಬಾ ಧನ್ಯವಾದ ಸರ್. ಇಂದು ಬೆರಳು ಎಣಿಸುತ್ತಾ ಓದಿದೆ. ಒಂದು ಸೇರಿಸುತ್ತೇನೆ: ಸಾಲು ಮುಗಿದ ಮೇಲೆ ನಾವು ಒಂದು ಖಾಲಿ ಚಪ್ಪಾಳೆ ಹೊಡೆಯುತ್ತೇವೆ. ಮೂರು ಹೆಜ್ಜೆ ಮಾತು, ಒಂದು ಹೆಜ್ಜೆ ಚಪ್ಪಾಳೆ. ಅದಿಲ್ಲದಿದ್ದರೆ ಮಕ್ಕಳಿಗೆ ಬೆರಳು ಬದಲಿಸಲು ಹೊತ್ತು ಸಾಲುವುದಿಲ್ಲ. ನನ್ನ ಅನುಭವದಲ್ಲಿ ಮೂರೇ ಕಷ್ಟ, ನಾಕು ಸುಲಭ. ನಾಕಕ್ಕೆ ಹೆಬ್ಬೆರಳು ಮಡಚಿದರೆ ಆಯಿತು. ಮೂರಕ್ಕೆ ಕಿರುಬೆರಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಉಂಗುರದ ಬೆರಳೂ ಜತೆಗೆ ಬಗ್ಗುತ್ತದೆ. ಅದಕ್ಕೇ ‘ಬೆರಳು ಎತ್ತಿ ತೋರು’ ಸಾಲನ್ನು ನಿಧಾನವಾಗಿ ಹಾಡಿಸುತ್ತೇನೆ, ಇನ್ನೊಂದು ಕೈಯಿಂದ ಹಿಡಿದುಕೊಳ್ಳಲು ಬಿಡುತ್ತೇನೆ.

ನಿವೃತ್ತ ಕನ್ನಡ ಮೇಷ್ಟ್ರು:

ಆ ಖಾಲಿ ಚಪ್ಪಾಳೆ ಇದ್ದದ್ದು ಒಳ್ಳೆಯದಾಯಿತು. ಈಗ ಹತ್ತರ ವಿಷಯ. ಒಂದರಿಂದ ಎಂಟರವರೆಗೆ ಪ್ರತಿ ಸಂಖ್ಯೆಯೂ ಮೂರು ಮಾತ್ರೆ. ‘ಎರಡು’ ಮೂರು ಸಣ್ಣ ಅಕ್ಷರದಿಂದ, ಉಳಿದವು ಒಂದು ದೊಡ್ಡದು ಒಂದು ಸಣ್ಣದರಿಂದ. ಹತ್ತೂ ಮೂರೇ. ಒಂಬತ್ತು ಮಾತ್ರ ಐದು. ‘ಹಾಗಲಕಾಯಿ ಒಂಬತ್ತು’ ಎಂದರೆ ಹನ್ನೆರಡು, ಚಪ್ಪಾಳೆಗೆ ಉಳಿಸಿದ ಜಾಗವನ್ನೂ ಅದು ತಿಂದುಬಿಡುತ್ತದೆ. ಒಂಬತ್ತರ ಸಾಲಿನಲ್ಲಿ ಮಕ್ಕಳು ಎಡವುವುದು ಎಣಿಕೆ ಬಾರದೆ ಅಲ್ಲ, ಕೈಗೆ ಬಿಡುವು ಸಿಗದೆ. ‘ಟೊಮೆಟೊ ಒಂಬತ್ತೂ’ ಎಂದು ಎಳೆದರೆ ಒಂಬತ್ತು ಮಾತ್ರೆಗೆ ಬರುತ್ತದೆ, ಆದರೆ ತಟ್ಟು ‘ಬತ್’ ನಡುವೆ ಬೀಳುತ್ತದೆ. ಈ ವಯಸ್ಸಿಗೆ ಐದಕ್ಕೇ ನಿಲ್ಲಿಸುವುದು ನನಗೆ ಸರಿ ಅನಿಸುತ್ತದೆ.

ಮೊದಲ ಉತ್ತರ ಕೊಟ್ಟವರು:

‘ಗಳು’ ವಿಷಯ ಒಪ್ಪಿದೆ, ಸರ್. ಸಾಮಾನಿನ ಚೀಟಿ ನೋಡಿದೆ, ನಾನೇ ಬರೆದದ್ದು, ಎಲ್ಲೂ ‘ಗಳು’ ಇಲ್ಲ. ಆದರೆ ‘ನಾಕು’ ಒಪ್ಪಲಾರೆ. ಪುಸ್ತಕದಲ್ಲಿ ಅಚ್ಚಾದದ್ದನ್ನೇ ಮಗು ನಾಳೆ ಬರೆಯುತ್ತದೆ.

ಕೇಳಿದವರು:

ಎರಡು ವರ್ಷದ ಮಗು ಓದುವುದಿಲ್ಲ ಸರ್, ಕೇಳುತ್ತದೆ. ‘ನಾಕು’ ಇಟ್ಟುಕೊಳ್ಳುತ್ತೇನೆ. ಐದಕ್ಕೆ ಮಾತ್ರ ಇನ್ನೂ ಹುಡುಕುತ್ತಿದ್ದೇನೆ. ಐದರ ಜತೆ ಬೈದು, ಹೊಯ್ದು, ಕೊಯ್ದು ಬಿಟ್ಟು ಬೇರೆ ಹೊಳೆಯುತ್ತಿಲ್ಲ, ಯಾವುದೂ ಕೈಗೆ ಮುಗಿದ ಕೆಲಸ ಕೊಡುವುದಿಲ್ಲ. ನಾಳೆ ಪ್ರಾಸ ಬಿಟ್ಟು ‘ಸೌತೆಕಾಯಿ ಐದು, ಐದು ಐದು ಐದು’ ಎಂದು ಅಂಗೈ ಬಿಚ್ಚಿ ಆಡಿಸುವಂತೆ ಹಾಡಿಸಿ ನೋಡುತ್ತೇನೆ. ಮುಗಿಸುವ ಕ್ರಿಯಾಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಮೂರು ಮಾತ್ರೆಯದ್ದು ಬೇಕು.